ಜೇಡಿಮಣ್ಣಿನಲ್ಲಿ ಪೈಲ್ ಗುಂಪು: ಬ್ಲಾಕ್ ಕುಸಿತವೋ, ಬಿಡಿ ಪೈಲ್‌ಗಳ ಮೊತ್ತವೋ?

ಪ್ರಶ್ನೆ: ಮೆತ್ತನೆ ಜೇಡಿಮಣ್ಣಿನಲ್ಲಿ ಮೂರು ಸಾಲುಗಳಲ್ಲಿ ಮೂರರಂತೆ 9 ಪೈಲ್‌ಗಳ, ಅಂದರೆ ನೆಲದಾಳಕ್ಕೆ ಇಳಿಸಿದ ಅಡಿಪಾಯದ ಕಂಬಗಳ ಗುಂಪಿದ್ದರೆ, ಒಂದರ ಸಾಮರ್ಥ್ಯವನ್ನು 9ರಿಂದ ಗುಣಿಸಿದರೆ ಸಾಕೇ?

ಉತ್ತರ: ಸಾಲದು. ಪೈಲ್‌ಗಳು ಹತ್ತಿರವಿದ್ದರೆ ನಡುವಿನ ಮಣ್ಣನ್ನೂ ಹಿಡಿದುಕೊಂಡು ಇಡೀ ಗುಂಪು ಒಂದೇ ಬ್ಲಾಕ್‌ನಂತೆ ಕೆಳಗಿಳಿಯಬಹುದು. ಆದ್ದರಿಂದ ಎರಡನ್ನೂ ಲೆಕ್ಕಹಾಕಿ ಕಡಿಮೆ ಬಂದದ್ದನ್ನೇ ಅಂತಿಮ ಸಾಮರ್ಥ್ಯವೆಂದು ಹಿಡಿಯಬೇಕು.

ಪೈಲ್ ವ್ಯಾಸ 0.4 ಮೀ, ಉದ್ದ 10 ಮೀ, ಮಣ್ಣಿನ ಅಂಡ್ರೇನ್ಡ್ ಶಿಯರ್ ಬಲ, ಅಂದರೆ ಒಳಗಿನ ನೀರು ಹೊರಹೋಗುವ ಮೊದಲೇ ಮಣ್ಣು ಜಾರುವಿಕೆಯನ್ನು ತಡೆಯುವ ಶಕ್ತಿ, ಆಳದುದ್ದಕ್ಕೂ 25 ಕಿಲೋಪಾಸ್ಕಲ್, ಅಂಟುವಿಕೆಯ ಗುಣಾಂಕ, ಅಂದರೆ ಆ ಬಲದಲ್ಲಿ ಪೈಲ್‌ನ ಬದಿಗೆ ಸಿಗುವ ಪಾಲು, 1 ಎಂದುಕೊಳ್ಳೋಣ. ಒಂದು ಪೈಲ್‌ಗೆ ಬದಿಯಿಂದ 314, ತುದಿಯಿಂದ 28, ಒಟ್ಟು 342 ಕಿಲೋನ್ಯೂಟನ್; ಒಂಬತ್ತಕ್ಕೆ ಸುಮಾರು 3080.

ಮಧ್ಯದಿಂದ ಮಧ್ಯಕ್ಕೆ ಅಂತರ 0.8 ಮೀ ಆದರೆ ಬ್ಲಾಕ್‌ನ ಬದಿ 2 ಮೀ ಆಗುತ್ತದೆ; ಕೆಳಗಿನ ಲೆಕ್ಕದ 9 ಪೈಲ್‌ಗಳ ಸಂಖ್ಯೆಯಲ್ಲ, ತುದಿಯ ಆಧಾರಕ್ಕೆ ಬಳಸುವ ಗುಣಾಂಕ:

```
25×(4×2)×10 + 9×25×(2×2) = 2000 + 900 = 2900 kN
```

ಇಲ್ಲಿ ಬ್ಲಾಕ್ ಕುಸಿತವೇ ನಿರ್ಣಾಯಕ. ಅಂತರವನ್ನು 1.2 ಮೀ ಮಾಡಿದರೆ ಬದಿ 2.8 ಮೀ ಆಗಿ ಬ್ಲಾಕ್ ಸಾಮರ್ಥ್ಯ 4564ಕ್ಕೇರುವುದರಿಂದ 3080 ನಿರ್ಣಾಯಕವಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪೊಂದಿದೆ: ಬ್ಲಾಕ್‌ನ ಬದಿಗೂ ಅಂಟುವಿಕೆಯ ಗುಣಾಂಕ ಹಾಕುವುದು. ಅಲ್ಲಿ ಬಹುಪಾಲು ಮಣ್ಣು ಮಣ್ಣಿನ ಮೇಲೆಯೇ ಜಾರುವುದರಿಂದ ಪೂರ್ಣ ಶಿಯರ್ ಬಲವನ್ನೇ ಬಳಸಬೇಕು. ಇನ್ನು, ತುದಿಯ ಕೆಳಗೆ ಇನ್ನೂ ಮೆತ್ತನೆಯ ಪದರವಿದ್ದರೆ 900ರ ಭಾಗವನ್ನು ನಂಬುವಂತಿಲ್ಲ.