ಅಡಿಕೆ ಮಂಡಿಯ ಅಕೌಂಟೆಂಟ್ ಹೊರಗಿನ ಲೆಕ್ಕ ಹಿಡಿಯುವಾಗ

"ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಅಕೌಂಟೆಂಟ್ ಆಗಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಲ್ಲ ನಾನೇ ನೋಡೋದು. ಸಂಜೆ ಹೊತ್ತು ಹೊರಗಿನ ಎರಡು ಮೂರು ಅಂಗಡಿಗಳ ಲೆಕ್ಕ ಮಾಡಿಕೊಡಬಹುದಾ? ಕೆಲಸಕ್ಕೆ ತೊಂದರೆ ಆಗುತ್ತಾ?"

ಮಾಡಬಹುದು. ಆದರೆ ಯಾರ ಲೆಕ್ಕ ಹಿಡಿಯುತ್ತೀರಿ ಅನ್ನೋದು ಮುಖ್ಯ. ನಾನೂ ಇಲ್ಲಿನ ಮಂಡಿಯೊಂದರಲ್ಲೇ ಲೆಕ್ಕ ಬರೆಯುವವನು. ಮೊದಲ ಸಲ ತಪ್ಪು ಮಾಡಿದ್ದು ಇದರಲ್ಲೇ.

ತೀರ್ಥಹಳ್ಳಿ ಕಡೆಯ ಒಬ್ಬ ಸಣ್ಣ ಅಡಿಕೆ ವ್ಯಾಪಾರಿ ಲೆಕ್ಕ ನೋಡಿಕೊಡಿ ಅಂದರು. ನಮ್ಮ ಮಂಡಿ ದೊಡ್ಡದು, ಇವರದ್ದು ಚಿಕ್ಕ ವ್ಯಾಪಾರ, ಪೈಪೋಟಿ ಎಲ್ಲಿಂದ ಬಂತು ಅಂದುಕೊಂಡೆ. ಎರಡನೇ ತಿಂಗಳಲ್ಲೇ ಅವರ ಖರೀದಿ ಲೆಕ್ಕದಲ್ಲಿ ನಮ್ಮ ಮಂಡಿಗೆ ಮಾಲು ತರುತ್ತಿದ್ದ ಕೋಣಂದೂರಿನ ಬೆಳೆಗಾರರೊಬ್ಬರ ಹೆಸರು ಕಂಡಿತು. ರಾಶಿ ಕ್ವಿಂಟಾಲಿಗೆ ಯಾವ ದರ, ಬೆಟ್ಟೆಗೆ ಎಷ್ಟು, ಮುಂಗಡ ಎಷ್ಟು, ಎಲ್ಲ ಕಣ್ಣೆದುರಿಗೇ ಇತ್ತು. ಅದೇ ವಾರ ನಮ್ಮ ಸಾಹುಕಾರರು ನನ್ನ ಮೇಜಿನ ಹತ್ತಿರ ಬಂದು, "ಆ ಕೋಣಂದೂರಿನವರು ಈ ಸಲ ಮಾಲೇ ತಂದಿಲ್ವಲ್ಲ, ಏನಾಯ್ತಂತೆ?" ಅಂದರು. ಉತ್ತರ ನನಗೆ ಗೊತ್ತಿತ್ತು. ಹೇಳಿದರೆ ಆ ವ್ಯಾಪಾರಿಗೆ ಮೋಸ, ಹೇಳದಿದ್ದರೆ ನಮ್ಮ ಸಾಹುಕಾರರಿಗೆ. "ಗೊತ್ತಿಲ್ಲ ಸಾರ್" ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ತಿಂಗಳ ಕೊನೆಗೆ ಆ ಲೆಕ್ಕ ಬಿಟ್ಟೆ.

ಅಂದಿನಿಂದ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವರ ಪುಸ್ತಕದಲ್ಲಿ ನಮ್ಮ ಮಂಡಿಗೆ ಮಾರುವವರು, ನಮ್ಮಿಂದ ಕೊಳ್ಳುವವರು ಇರುತ್ತಾರಾ? ಹಾಗೆ ನೋಡಿದರೆ ಅಡಿಕೆ ವ್ಯಾಪಾರಿಗಳು, ದಲಾಲರು, ಖೇಣಿ ಹಿಡಿಯುವವರು ಯಾರೂ ಬೇಡ. ನಮ್ಮ ಮಾಲು ಸಾಗಿಸುವ ಲಾರಿಯವರೂ ಬೇಡ, ಅವರ ಬಿಲ್ಲು ಪಾಸ್ ಮಾಡೋದು ನಾವೇ ಅಲ್ವಾ? ಬೇಕರಿ, ಹಾರ್ಡ್‌ವೇರ್ ಅಂಗಡಿ, ಮೆಡಿಕಲ್ ಶಾಪ್ ಆದರೆ ಸಾಮಾನ್ಯವಾಗಿ ಈ ತೊಡಕಿಲ್ಲ.

ಇನ್ನು ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ಕೆಲಸ ಮಾಡಬಾರದು ಅನ್ನುವ ಸಾಲು ಇದೆಯಾ ನೋಡಿ. ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಇಂಥ ಷರತ್ತು ನಿಲ್ಲಲ್ಲ ಅಂತ ಕೆಲವರು ಹೇಳುತ್ತಾರೆ. ಅದನ್ನು ನಂಬಿಕೊಂಡು ಹೊರಡಬೇಡಿ. ಕೆಲಸ ಬಿಟ್ಟ ಮೇಲಿನ ನಿರ್ಬಂಧಕ್ಕೆ ಆ ಮಾತು ಹೆಚ್ಚು ಹೊಂದುತ್ತದೆ. ಕೆಲಸದಲ್ಲಿ ಇರುವಷ್ಟು ದಿನ ಬೇರೆಯವರಿಗೆ ದುಡಿಯಬಾರದು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 1967ರಲ್ಲೇ ಒಪ್ಪಿದೆ.

ಪತ್ರದಲ್ಲಿ ಆ ಸಾಲು ಇರಲಿ, ಇಲ್ಲದಿರಲಿ, ಅರ್ಧ ಪುಟದ ಮನವಿ ಕೊಡಿ. ನಾನು ಬರೆದದ್ದು ಹೀಗೆ: "ಸಂಜೆ 7ರ ನಂತರ ಮತ್ತು ಭಾನುವಾರ, ಅಡಿಕೆ ವ್ಯಾಪಾರಕ್ಕೆ ಸಂಬಂಧವಿಲ್ಲದ ಗರಿಷ್ಠ ಮೂರು ಅಂಗಡಿಗಳ ಲೆಕ್ಕ ನೋಡಲು ಅನುಮತಿ ಕೊಡಬೇಕು. ಮಂಡಿಯ ಕಂಪ್ಯೂಟರ್, ಟ್ಯಾಲಿ ಲೈಸೆನ್ಸ್, ಇಮೇಲ್ ಬಳಸುವುದಿಲ್ಲ. ಹೊಸ ಅಂಗಡಿ ಸೇರಿದರೆ ಮೊದಲೇ ತಿಳಿಸುತ್ತೇನೆ." ಸಾಹುಕಾರರು ಅದರ ಮೇಲೇ ಸಹಿ ಹಾಕಿಕೊಟ್ಟರು. ಬಾಯಿಮಾತಿನ ಒಪ್ಪಿಗೆ ಸಾಲದು. ನಾಳೆ ಅವರ ಮಗ ವ್ಯವಹಾರ ವಹಿಸಿಕೊಂಡರೆ ಆ ಮಾತು ಯಾರಿಗೆ ನೆನಪಿರುತ್ತದೆ?

ನಿಜವಾದ ಇಕ್ಕಟ್ಟು ಬರೋದು ತಾರೀಖಿನಲ್ಲಿ. ತಿಂಗಳ ರಿಟರ್ನ್ ಆದರೆ ಮಂಡಿಯ GSTR-1 11ಕ್ಕೆ, GSTR-3B 20ಕ್ಕೆ. ಹೊರಗಿನ ಅಂಗಡಿಯೂ ತಿಂಗಳ ರಿಟರ್ನಿನದ್ದಾದರೆ ಅದೇ ದಿನ ಎರಡೂ ಕಡೆ ಒತ್ತಡ. ಆಗ ಆಫೀಸಿನ ಹೊತ್ತಿನಲ್ಲಿ ಹೊರಗಿನ ಕೆಲಸ ತೆರೆಯುವ ಆಸೆ ಹುಟ್ಟುತ್ತದೆ. ಅದಕ್ಕೇ ನಾನು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಅಂಗಡಿಗಳನ್ನೇ ಹಿಡಿದಿದ್ದೇನೆ. ವಹಿವಾಟು 5 ಕೋಟಿವರೆಗಿದ್ದರೆ ಆ ಆಯ್ಕೆ ಇದೆ. ನಮ್ಮ ರಾಜ್ಯದಲ್ಲಿ ಅವರ GSTR-1 ತ್ರೈಮಾಸಿಕದ ಮುಂದಿನ ತಿಂಗಳ 13ಕ್ಕೆ, GSTR-3B 22ಕ್ಕೆ. ಮಧ್ಯದ ಎರಡು ತಿಂಗಳು ತೆರಿಗೆ ಇದ್ದರೆ 25ರೊಳಗೆ PMT-06 ಚಲನ್ ಕಟ್ಟಿದರೆ ಸಾಕು. ಆದರೂ ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್ ಬಂದರೆ ಮಂಡಿಯ ತಾರೀಖಿಗೂ ಅವರ ತಾರೀಖಿಗೂ ಎರಡೇ ದಿನದ ಅಂತರ. ಹಾಗಾಗಿ 5ನೇ ತಾರೀಖಿನೊಳಗೆ ಬಿಲ್ಲು ಕೊಡದವರ ಕೆಲಸ ನಾನು ಒಪ್ಪಲ್ಲ.

ಲಾಗಿನ್ ವಿಷಯದಲ್ಲೂ ಹುಷಾರು. ಅಂಗಡಿಯವರು "ನಿಮ್ಮ ನಂಬರೇ ಹಾಕಿಬಿಡಿ" ಅನ್ನುತ್ತಾರೆ. ಬೇಡ. ಪೋರ್ಟಲ್‌ನಲ್ಲಿ ಅವರದೇ ಮೊಬೈಲ್, ಅವರದೇ ಇಮೇಲ್ ಇರಲಿ. ಓಟಿಪಿಯನ್ನು ಸಂಜೆ ಅವರೇ ಹೇಳಲಿ. ನಿಮ್ಮ ನಂಬರ್ ಇದ್ದರೆ ಇಲಾಖೆಯ ಮೆಸೇಜೆಲ್ಲ ಮಧ್ಯಾಹ್ನ, ಮಂಡಿಯಲ್ಲಿ ಟೆಂಡರ್ ನಡೆಯುವ ಹೊತ್ತಿಗೆ, ನಿಮ್ಮ ಜೇಬಿನಲ್ಲಿ ಸದ್ದು ಮಾಡುತ್ತಿರುತ್ತದೆ.