ಮನೆಯವರ ಸಂಸ್ಥೆಯಿಂದ ಖರೀದಿ: ನಿರ್ದೇಶಕರು ಏನು ಮಾಡಬೇಕು?

*ನಾನು ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರ ನಿರ್ದೇಶಕ. ನನ್ನ ಪತ್ನಿ ಪಾಲುದಾರಳಾಗಿರುವ ಸಂಸ್ಥೆಯಿಂದ ರಟ್ಟಿನ ಪೆಟ್ಟಿಗೆ ತರಿಸುತ್ತಿದ್ದೇವೆ. ದರ ಮಾರುಕಟ್ಟೆಗಿಂತ ಕಡಿಮೆ; ಕಂಪನಿಗೆ ನಷ್ಟವಿಲ್ಲ. ಆದರೂ ಮಂಡಳಿಗೆ ತಿಳಿಸಬೇಕೇ?*

ತಿಳಿಸಲೇಬೇಕು. ನಷ್ಟವಾಗಿಲ್ಲ ಎಂಬುದು ಇಲ್ಲಿ ಪೂರ್ಣ ಉತ್ತರವಾಗದು. 1854ರಲ್ಲಿ ಅಬರ್ಡೀನ್ ರೈಲ್ವೆ ಕಂಪನಿಯ ಮೊಕದ್ದಮೆ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಿತ್ತು. ಹಳಿ ಕೂರಿಸುವ ಎರಕದ ಕಬ್ಬಿಣದ ಆಧಾರಗಳನ್ನು ಕಂಪನಿ ಕೊಂಡದ್ದು ತನ್ನದೇ ಮಂಡಳಿಯ ಅಧ್ಯಕ್ಷ ಪಾಲುದಾರನಾಗಿದ್ದ ಸಂಸ್ಥೆಯಿಂದ. ಕರಾರು ನ್ಯಾಯವಾಗಿತ್ತೇ ಎಂದು ವಿಚಾರಿಸುವುದಕ್ಕೇ ಲಾರ್ಡ್ಸ್ ಒಪ್ಪಲಿಲ್ಲ. ಆದಷ್ಟು ಅಗ್ಗಕ್ಕೆ ಕೊಳ್ಳಬೇಕಾದವನೂ ಆದಷ್ಟು ದುಬಾರಿಗೆ ಮಾರಬೇಕಾದವನೂ ಒಬ್ಬನೇ ಆದರೆ, ಕಂಪನಿಗೆ ಸಿಗಬೇಕಾದ ನಿಷ್ಠೆ ಸಿಕ್ಕಿತೋ ಇಲ್ಲವೋ ಆಮೇಲೆ ಅಳೆಯಲಾಗದು.

ನಮ್ಮ 2013ರ ಕಂಪನಿ ಕಾಯ್ದೆ ಅಷ್ಟು ಕಟುವಲ್ಲ. ಹಿತಾಸಕ್ತಿ ಸಂಘರ್ಷಕ್ಕೆ ಸಿಲುಕಬಾರದು ಎಂದು 166ನೇ ಕಲಂ ಹೇಳುತ್ತದೆ. ಬಚ್ಚಿಡದೆ ವ್ಯವಹರಿಸುವ ದಾರಿಯನ್ನು 184 ಮತ್ತು 188ನೇ ಕಲಂಗಳು ತೋರಿಸುತ್ತವೆ. ಪ್ರತಿ ಆರ್ಥಿಕ ವರ್ಷದ ಮೊದಲ ಮಂಡಳಿ ಸಭೆಯಲ್ಲಿ ನಿಮ್ಮ ಹಿತಾಸಕ್ತಿಗಳನ್ನು ಎಂಬಿಪಿ-1 ನಮೂನೆಯಲ್ಲಿ ಕೊಡಬೇಕು. ಪತ್ನಿಯ ಸಂಸ್ಥೆಯನ್ನೂ ಅದರಲ್ಲಿ ಬರೆದುಬಿಡಿ.

ನಿರ್ದೇಶಕನ ಹೆಂಡತಿ ಪಾಲುದಾರಳಾಗಿರುವ ಸಂಸ್ಥೆ ಕಾಯ್ದೆಯ 2(76)ನೇ ಕಲಮಿನ ಪ್ರಕಾರ ಸಂಬಂಧಿತ ಪಕ್ಷ. ಆದ್ದರಿಂದ 188ನೇ ಕಲಮಿನಂತೆ ಖರೀದಿಗೆ ಮಂಡಳಿ ಸಭೆಯಲ್ಲಿ ನಿರ್ಣಯವಾಗಬೇಕು. ಹಿಂದಿನ ವರ್ಷದ ವಹಿವಾಟಿನ ಶೇ. 10 ಮುಟ್ಟಿದರೆ ಷೇರುದಾರರ ಒಪ್ಪಿಗೆಯೂ ಬೇಕು. ವಹಿವಾಟು 4 ಕೋಟಿ ಎಂದಿಟ್ಟುಕೊಳ್ಳಿ, ಮಿತಿ 40 ಲಕ್ಷ. ವರ್ಷಕ್ಕೆ 45 ಲಕ್ಷದ ಪೆಟ್ಟಿಗೆ ಬಂದರೆ ಮಂಡಳಿಯ ನಿರ್ಣಯವೊಂದೇ ಸಾಲದು. ಬಿಲ್‌ಗಳನ್ನು ತುಂಡು ಮಾಡಿ ಚಿಕ್ಕದಾಗಿಸಿದರೂ ಪ್ರಯೋಜನವಿಲ್ಲ, ಲೆಕ್ಕಕ್ಕೆ ಬರುವುದು ವರ್ಷದ ಒಟ್ಟು ಮೊತ್ತ.

ಒಂದು ವಿನಾಯಿತಿ ಇದೆ. ಖರೀದಿ ದಿನನಿತ್ಯದ ವ್ಯವಹಾರದ ಭಾಗವಾಗಿದ್ದು, ಷರತ್ತುಗಳು ಸಂಬಂಧವೇ ಇಲ್ಲದ ಹೊರಗಿನವರ ಜೊತೆ ಆಗುವಂತೆಯೇ ಇದ್ದರೆ ಈ ಒಪ್ಪಿಗೆಗಳು ಬೇಡ. ನಿಮ್ಮ ಪೆಟ್ಟಿಗೆ ಖರೀದಿ ಇದಕ್ಕೆ ಹೊಂದಬಹುದು, ಆದರೆ ಬಾಯಿಮಾತು ಸಾಕಾಗದು. ಅದೇ ಅಳತೆ, ಅದೇ ಪದರಗಳ ಪೆಟ್ಟಿಗೆಗೆ ಬೇರೆ ಇಬ್ಬರಿಂದ ಲಿಖಿತ ಕೊಟೇಶನ್ ತರಿಸಿ ಕಡತದಲ್ಲಿಡಿ. ಪಾವತಿಯ ಗಡುವನ್ನೂ ಹೋಲಿಸಿ. ಪೆಟ್ಟಿಗೆಗೆ ಎರಡು ರೂಪಾಯಿ ಕಡಿಮೆ ಎಂದು ತೋರಿಸಿ, ಉಳಿದವರು 60 ದಿನ ಕಾಯುವಲ್ಲಿ ಮನೆಯವರಿಗೆ ಮುಂಗಡ ಕೊಡುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಅಲ್ಲಿಗೆ ಅಗ್ಗದ ವಾದ ಬಿದ್ದುಹೋಗುತ್ತದೆ.

ಸಭೆಯಲ್ಲಿ ವಿಷಯ ಬಂದಾಗ ಸಂಬಂಧವನ್ನು ಹೇಳಿ, ಚರ್ಚೆಯ ವೇಳೆ ಹೊರಗೆ ಹೋಗಿ, ಅದು ನಡವಳಿಯಲ್ಲಿ ದಾಖಲಾಗಲಿ. ಹಿತಾಸಕ್ತಿ ತಿಳಿಸಿದ ಮೇಲೆ ಕೂರಲು ಪ್ರೈವೇಟ್ ಕಂಪನಿಗಳಿಗೆ 184ನೇ ಕಲಮಿನಡಿ ರಿಯಾಯಿತಿ ಇದೆಯಾದರೂ, ಹೊರಗಿರುವುದೇ ಕ್ಷೇಮ ಎಂಬುದು ನಮ್ಮ ಅಭಿಪ್ರಾಯ.

ಒಪ್ಪಿಗೆ ಬೇಕಿದ್ದೂ ಪಡೆಯದಿದ್ದರೆ, ಕರಾರಾದ ಮೂರು ತಿಂಗಳೊಳಗೆ ಸ್ಥಿರೀಕರಿಸಬೇಕು. ಆ ಗಡುವು ಮೀರಿದರೆ ಕರಾರನ್ನು ರದ್ದುಮಾಡಬಹುದು, ಕಂಪನಿಗೆ ಆದ ನಷ್ಟವನ್ನು ನೀವೇ ತುಂಬಿಕೊಡಬೇಕಾಗುತ್ತದೆ. ಆದ್ದರಿಂದ ಮುಂದಿನ ಆರ್ಡರ್ ಹಾಕುವ ಮೊದಲೇ ಮಂಡಳಿ ಸಭೆ ಕರೆಯಿರಿ.