ಮೂರು ಜನ ಹೇಳಿದ್ದಾರೆ ಟೀಚರೇ

"ಅವಳಿಗೆ ನನ್ನ ಮೇಲೆ ಮನಸ್ಸುಂಟಂತೆ." ಸಲಹೆ ಕೇಳಲು ನನ್ನ ಹತ್ತಿರ ಬರುವ ಹುಡುಗರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಕೊನೆಯ ಆ 'ಅಂತೆ' ಅವರ ಕಿವಿಗೆ ಬೀಳುವುದೇ ಇಲ್ಲ. ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಬರೆಯುತ್ತೇನೆ.

ಹುಡುಗನಿಗೆ 24. ಬದಿಯಡ್ಕದ ಕಡೆಯವನು. ಶನಿವಾರ, ಭಾನುವಾರ ಕಾಸರಗೋಡಿಗೆ ಪಿಎಸ್‌ಸಿ ಕೋಚಿಂಗಿಗೆ ಬರುತ್ತಿದ್ದ. ಅದೇ ಬಸ್ಸಿನಲ್ಲಿ ಬರುವ ಹುಡುಗಿಗೆ ತಾನು ಇಷ್ಟ ಎಂದು ಗೆಳೆಯರಿಂದ ಗೊತ್ತಾಗಿತ್ತು. ಭಾನುವಾರ ಕ್ಲಾಸ್ ಬಿಟ್ಟ ಮೇಲೆ ಎಲ್ಲರ ಎದುರೇ ಕೇಳಿಬಿಡುವುದು ಎಂದು ತೀರ್ಮಾನ ಮಾಡಿಯಾಗಿತ್ತು. ಹೇಗೆ ಕೇಳಲಿ ಎಂದಷ್ಟೇ ತಿಳಿಯಬೇಕಿತ್ತು ಅವನಿಗೆ.

"ಒಬ್ಬರಲ್ಲ, ಮೂರು ಜನ ಹೇಳಿದ್ದಾರೆ ಟೀಚರೇ."

ಕೇಳುವುದನ್ನು ಒಂದು ವಾರ ಮುಂದೆ ಹಾಕು ಎಂದೆ. ಅಷ್ಟರಲ್ಲಿ ಆ ಮೂವರ ಹತ್ತಿರ ಎರಡೇ ಪ್ರಶ್ನೆ ಕೇಳಿಕೊಂಡು ಬಾ: ನಿನಗೆ ಯಾರು ಹೇಳಿದ್ದು? ಅವಳು ಆಡಿದ ಮಾತು ಏನು, ಇದ್ದ ಹಾಗೆಯೇ?

ಮುಂದಿನ ವಾರ ಬಂದ. ಒಂದು ಹಾಳೆಯಲ್ಲಿ ಹೆಸರು ಬರೆದು, ಯಾರು ಯಾರಿಂದ ಕೇಳಿದ್ದು ಎಂದು ಬಾಣದ ಗುರುತು ಹಾಕಿಸಿದೆ. ಮೊದಲನೆಯವನು ಎರಡನೆಯವನಿಂದ ಕೇಳಿದ್ದ. ಮೂರನೆಯವನಿಗೂ ಅವನೇ ಹೇಳಿದ್ದು. ಎರಡನೆಯವನಿಗೆ ಹೇಳಿದ್ದು ಕ್ಲಾಸಿನ ಒಬ್ಬಳು ಮಲಯಾಳಿ ಹುಡುಗಿ. ಬಾಣಗಳೆಲ್ಲ ಅವಳಲ್ಲಿಗೆ ಹೋಗಿ ನಿಂತವು. ಹುಡುಗ ಹಾಳೆಯನ್ನೇ ನೋಡುತ್ತಾ ಕೂತ. ಮೂರು ಸಾಕ್ಷಿ ಎಂದುಕೊಂಡದ್ದು ಒಂದೇ ಸಾಕ್ಷಿ, ಮೂರು ಬಾಯಿ.

ಇನ್ನು ಮಾತು. ಆ ಮಲಯಾಳಿ ಗೆಳತಿ ಬಸ್ಸಿನ ಹುಡುಗಿಯ ಹತ್ತಿರ ತಮಾಷೆಗೆ, "ಬಸ್ಸಿನಲ್ಲಿ ನೀನು ಯಾವಾಗಲೂ ಅವನ ಪಕ್ಕವೇ ಕೂರ್ತೀಯಲ್ಲ, ಏನು ವಿಷಯ?" ಎಂದು ಕೇಳಿದ್ದಳಂತೆ. ಇವಳು, "ಅವ ಪಾಪ ಮಾರಾಯ್ತಿ, ಒಟ್ಟಿಗೆ ಕೂತರೆ ಕಿರಿಕಿರಿ ಇಲ್ಲ" ಎಂದಿದ್ದಳು. ನಮ್ಮ ಕಡೆ 'ಪಾಪ' ಎಂದರೆ ಉಪದ್ರ ಇಲ್ಲದ ಒಳ್ಳೆಯ ಜನ, ಅಷ್ಟೇ. ಅದು ಮಲಯಾಳಕ್ಕೆ ದಾಟುವಾಗ 'ಇಷ್ಟಮಾಣ್' ಆಯಿತು. ಮಲಯಾಳದಲ್ಲಿ ಚಹಾವೂ ಇಷ್ಟಮೇ, ಪ್ರೀತಿಯೂ ಇಷ್ಟಮೇ. ವಾಪಸ್ ಕನ್ನಡಕ್ಕೆ ಬರುವಾಗ ಅದು 'ಮನಸ್ಸುಂಟು' ಎಂದಾಗಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ.

ಅದಕ್ಕಿಂತ ಮುಖ್ಯ ಇನ್ನೊಂದು. ಅವಳು ತಾನಾಗಿ ಹೇಳಿದ ಮಾತಲ್ಲ ಅದು, ಚುಡಾಯಿಸಿದ್ದಕ್ಕೆ ಕೊಟ್ಟ ಉತ್ತರ. ತಾನಾಗಿ ಆಡಿದ ಮಾತಿಗೆ ನಾನು ಸ್ವಲ್ಪ ತೂಕ ಕೊಡುತ್ತೇನೆ. ಕೆದಕಿ ತೆಗೆಸಿದ್ದಕ್ಕೆ ತೀರಾ ಕಡಿಮೆ.

ಅವನು ಸೋಲಲಿಲ್ಲ. "ಆದರೆ ಟೀಚರೇ, ಈಗ ಅವಳು ನನ್ನನ್ನು ಕಂಡರೆ ತಲೆ ತಗ್ಗಿಸ್ತಾಳೆ. ಹಿಂದಿನ ಸೀಟಿಗೆ ಹೋಗ್ತಾಳೆ. ನಾಚಿಕೆ ಅಲ್ವಾ?"

"ಯಾವತ್ತಿನಿಂದ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಇವರು ನನಗೆ ಹೇಳಿದ ಮೇಲೆ."

"ಇವರು ಅವಳಿಗೂ ಏನೋ ಹೇಳಿರಬಹುದಲ್ವಾ?"

ಗಾಳಿಮಾತಿಗೆ ಬೆಲೆಯೇ ಇಲ್ಲ ಎನ್ನಲಾರೆ. 1986ರಲ್ಲಿ ಕರ್ಟಿಸ್ ಮತ್ತು ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗವಿದೆ. ಪರಿಚಯವಿಲ್ಲದ ಇಬ್ಬರಲ್ಲಿ ಒಬ್ಬರಿಗೆ, 'ನೀವು ಅವರಿಗೆ ಇಷ್ಟವಾಗಿದ್ದೀರಿ' ಎಂದು ಸುಮ್ಮನೆ ಹೇಳಿ ಮಾತಿಗೆ ಕೂರಿಸಿದರು. ಹಾಗೆ ನಂಬಿದವರು ಮನಸ್ಸು ಬಿಚ್ಚಿ, ಮೆತ್ತಗೆ ಮಾತಾಡಿದರು. ಕೊನೆಗೆ ಎದುರಿನವರಿಗೆ ನಿಜಕ್ಕೂ ಇಷ್ಟವಾದರು. ಆದರೆ ಅಲ್ಲಿ ಸುತ್ತ ನಿಂತು ಕಿಸಕ್ಕೆನ್ನುವ ಗೆಳೆಯರಿರಲಿಲ್ಲ. ಇವನೋ, ಸುದ್ದಿ ಕೇಳಿದ ಮೇಲೆ ಬಸ್ಸಿನಲ್ಲಿ ಬಾಯೇ ಬಿಟ್ಟಿರಲಿಲ್ಲ.

ಹಾಗಾಗಿ ನಾನು ಹೇಳಿದ್ದು ಇಷ್ಟು. ಆ ಸುದ್ದಿಗೆ ಒಂದು ಚಹಾಕ್ಕೆ ಕರೆಯುವಷ್ಟು ತೂಕ ಕೊಡು, ಪ್ರೀತಿ ಹೇಳಿಕೊಳ್ಳುವಷ್ಟು ಬೇಡ. ಮೊದಲು ಎರಡು ವಾರ ಹಿಂದಿನ ಹಾಗೆಯೇ ಮಾತಾಡು. ಗೆಳೆಯರು ಇಲ್ಲದಾಗ ಅವಳಾಗಿ ಮಾತು ತೆಗೀತಾಳಾ ನೋಡು. ಆಮೇಲೆ ಒಬ್ಬಳೇ ಇರುವಾಗ, ಸುಲಭವಾಗಿ ಬೇಡ ಎನ್ನಬಹುದಾದ ಹಾಗೆ ಕರೆ. 'ಅವರು ಹೇಳಿದ್ರು' ಎಂದು ಮಾತ್ರ ಶುರು ಮಾಡಬೇಡ. ಅವಳು ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಜವಾಬು ಕೊಡಬೇಕಾಗುತ್ತದೆ. 'ನೋಡುವಾ' ಎಂದರೆ ಬೇಡ ಎಂದೇ ತಿಳಿ.

ಆ ಗೆಳತಿಯ ಮೂಲಕವೇ ಕೇಳಿಸಿದ್ದರೆ ಇಷ್ಟು ಸುತ್ತು ಬೇಕಿತ್ತಾ ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೇಳಿದರು. ಬೇಕಿತ್ತು. ಮಾತು ಕೆಟ್ಟದ್ದೇ ಆ ದಾರಿಯಲ್ಲಿ. ಅಲ್ಲದೆ ಬದಿಯಡ್ಕದಂಥ ಊರಿನಲ್ಲಿ ಇಂಥದ್ದು ಮನೆಗೆ ಮುಟ್ಟಿದರೆ ಕೋಚಿಂಗ್ ನಿಲ್ಲುವುದು ಹುಡುಗಿಯದ್ದು, ಹುಡುಗನದ್ದಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ, ಒಪ್ಪುತ್ತೇನೆ.

ತಿಂಗಳ ನಂತರ ಬಂದು ಹೇಳಿದ. ಬಸ್‌ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ಕರೆದಿದ್ದನಂತೆ, ಬಂದಿದ್ದಳಂತೆ. ಅರ್ಧ ಗ್ಲಾಸ್ ಮುಗಿಯುವಾಗ ಅವಳೇ ಕೇಳಿದಳು: "ನಿನಗೆ ನನ್ನ ಮೇಲೆ ಮನಸ್ಸುಂಟು ಅಂತ ಮೂರು ಜನ ಹೇಳಿದ್ರು. ಅದಕ್ಕೇ ಹಿಂದೆ ಕೂರ್ತಿದ್ದೆ. ಹೌದಾ?"

ಇವನು, "ಅವರು ಹೇಳುವ ಮೊದಲು ಇರಲಿಲ್ಲ. ಈಗ ಉಂಟಾ ಇಲ್ವಾ ನನಗೇ ಗೊತ್ತಿಲ್ಲ" ಎಂದನಂತೆ. ಅವಳು ಜೋರಾಗಿ ನಕ್ಕಳಂತೆ. ಈಗ ಮತ್ತೆ ಹಳೆಯ ಸೀಟಿನಲ್ಲೇ ಕೂರುತ್ತಾಳೆ.